ಹತ್ತೊಂಬತ್ತು ಪುಟಕ್ಕೆ ಏಳು ಬೆಳಗು

ಹೋದ ಸೀಸನ್ನಿನ ಕೂಲಿ ಮಾರಿಗೆ ಇನ್ನೂ ಬರಬೇಕು. ಎಂಬತ್ತಾರು ಚೀಲದ ಮೇಲೆ ಮುರಿದುಕೊಂಡ ಕೂಲಿ ಅದು.

ಮಾದಾಪುರದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಮಾರಿ ಹಣ್ಣು ಕೊಯ್ಯುತ್ತಾಳೆ. ಪಿಕಿಂಗ್ ಶುರುವಾದರೆ ಅಲ್ಲಿ ಕೂಲಿ ಕೆಜಿ ಲೆಕ್ಕ. ಸಂಜೆ ನಾಲ್ಕಕ್ಕೆ ಚೀಲ ತಕ್ಕಡಿಗೆ ಏರುತ್ತದೆ, ಎಸ್ಟೇಟಿನ ರೈಟರ್ ಪ್ರಸಾದ್ ತೂಕ ಕೂಗುತ್ತಾನೆ, ಕೂಗಿದ ಮೇಲೆ ಎರಡು ಕೆಜಿ ಕಳೆದು ಪುಸ್ತಕಕ್ಕೆ ಬರೆಯುತ್ತಾನೆ. ಯಾಕೆ ಎರಡು? ಒಂದು ಕೆಜಿ ಚೀಲಕ್ಕೆ, ಒಂದು ಕೆಜಿ ನೀರಿಗೆ. ಅವನ ಅಪ್ಪ ರೈಟರ್ ಆಗಿದ್ದಾಗಲೂ ಅಷ್ಟೇ, ಈಗಲೂ ಅಷ್ಟೇ. ಮಾರಿ ತನ್ನ ಲೈನ್ ಮನೆಯ, ಅಂದರೆ ಎಸ್ಟೇಟಿನವರು ಕೂಲಿಯವರಿಗೆ ಕಟ್ಟಿಸಿದ ಸಾಲುಮನೆಯ, ಗೋಡೆಯ ಮೇಲೆ ಚೀಲಕ್ಕೊಂದರಂತೆ ಇದ್ದಿಲಿನ ಗೆರೆ ಎಳೆಯುತ್ತ ಬಂದಿದ್ದಳು. ಸೀಸನ್ ಮುಗಿದಾಗ ಎಂಬತ್ತಾರು ಗೆರೆ.

ಈ ಗೆರೆಗಳ ಸುದ್ದಿ ಪುಟ್ಟಸ್ವಾಮಿಯ ಕಿವಿಗೆ ಬಿತ್ತು. ಪುಟ್ಟಸ್ವಾಮಿ ಕುಶಾಲನಗರದ ಕಡೆಯವರು, ಅರವತ್ತೆಂಟು ವಯಸ್ಸು, ಒಂದು ಸಣ್ಣ ಕಾರ್ಮಿಕ ಸಂಘದ ಕಾರ್ಯದರ್ಶಿ. ಅವರದ್ದೊಂದು ಬ್ಲಾಗ್ ಇತ್ತು. ಎರಡು ತಿಂಗಳು ಕೂತು, ಆರು ತೋಟ ತಿರುಗಿ, ನಾಲ್ಕು ಸಾವಿರ ಪದದ ಲೇಖನ ಬರೆದು ಹಾಕಿದರು. ಹೆಸರು 'ಕೊಡಗಿನ ಕಾಫಿ ತೋಟಗಳಲ್ಲಿ ತೂಕದ ಪದ್ಧತಿ: ಒಂದು ಸಮಗ್ರ ಅವಲೋಕನ'. ಮೂರು ವಾರದಲ್ಲಿ ಐವತ್ತೆರಡು ಸಲ ಅದನ್ನು ಯಾರೋ ತೆರೆದಿದ್ದರು. ಅದರಲ್ಲಿ ಮೂವತ್ತು ಸಲ ತೆರೆದವರು ಸ್ವತಃ ಪುಟ್ಟಸ್ವಾಮಿ.

ಜನವರಿಯ ಒಂದು ಶುಕ್ರವಾರ ಅವರು ಆ ಲೇಖನದ ಪ್ರಿಂಟ್ ತಗೊಂಡು, ಮಾದಾಪುರದ ಹಾರ್ಡ್‌ವೇರ್ ಅಂಗಡಿಯ ಮೇಲಿನ ಕೋಣೆಗೆ ಮೆಟ್ಟಿಲು ಹತ್ತಿದರು. ಅಲ್ಲಿ ವಿನುತಾ ಕೂರುತ್ತಾಳೆ.

ವಿನುತಾಗೆ ಮೂವತ್ತನಾಲ್ಕು. ಮೂರು ಎಕರೆ ಕಾಫಿ ಇರುವ ಜಯಪ್ಪನ ಮಗಳು. ಒಂಬತ್ತು ಹೋಂಸ್ಟೇ, ಎರಡು ಬೇಕರಿ, ಒಂದು ಜೇನಿನ ಅಂಗಡಿ, ಇಷ್ಟಕ್ಕೂ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್ ಪೇಜ್ ನಡೆಸುವವಳು ಅವಳೇ. ಹೋಂಸ್ಟೇ ಮಾಲೀಕ ತನ್ನ ಅಜ್ಜನ ಕಾಲದ ಮನೆಯ ಬಗ್ಗೆ ಆರು ಪುಟ ಬರೆದುಕೊಟ್ಟರೆ ಅವಳು ಅದರಿಂದ ಹತ್ತು ದಿನಕ್ಕಾಗುವ ಹತ್ತು ಸಾಲು ತೆಗೆಯುತ್ತಾಳೆ. ಯಾವ ಸಾಲು ಜನರನ್ನು ಹಿಡಿದು ನಿಲ್ಲಿಸುತ್ತದೆ ಅಂತ ಅವಳಿಗೆ ಗೊತ್ತು. ತನಗೆ ಗೊತ್ತು ಅನ್ನುವುದೂ ಅವಳಿಗೆ ಚೆನ್ನಾಗಿ ಗೊತ್ತು.

"ಇದ್ನ ಜನ ಓದೋ ಹಂಗೆ ಮಾಡ್ಬೇಕು ಕಣಮ್ಮ," ಅಂದರು ಪುಟ್ಟಸ್ವಾಮಿ. "ಒಂದಕ್ಷರ ಮಾತ್ರ ಬಿಡ್ಬಾರ್ದು."

ವಿನುತಾ ಪುಟ ಎಣಿಸಿದಳು. ಹತ್ತೊಂಬತ್ತು.

"ಸಾರ್, ಇದು ಇಡೀ ಹಲಸಿನಹಣ್ಣು. ಜನರ ಬಾಗಿಲಿಗೆ ಹೊತ್ಕೊಂಡು ಹೋಗಿ ಇಟ್ಟು ಬಂದಿದ್ದೀರಿ. ಕತ್ತಿ ಯಾರು ತರ್ತಾರೆ, ಕೈಗೆ ಎಣ್ಣೆ ಯಾರು ಹಚ್ಕೋತಾರೆ? ತೊಳೆ ಬಿಡಿಸಿ ಒಂದೊಂದೇ ಕೈಗೆ ಕೊಡ್ಬೇಕು."

"ಮಿಕ್ಕಿದ್ದು?"

"ಮಿಕ್ಕಿದ್ದು ಬ್ಲಾಗಲ್ಲೇ ಇರ್ತದೆ, ಯಾರೂ ಕದಿಯಲ್ಲ. ತೊಳೆ ರುಚಿ ಹತ್ತಿದವ್ರು ಹಣ್ಣು ಹುಡುಕ್ಕೊಂಡು ಬರ್ತಾರೆ."

ಮುದುಕರು ಗೊಣಗಿಕೊಂಡು ಕೂತರು. ಯಾವಾಗ ಬೇಕು ಅಂತ ವಿನುತಾ ಕೇಳಿದ್ದಕ್ಕೆ ಬಂದ ಉತ್ತರ ಮಾತ್ರ ಸರಳವಾಗಿತ್ತು. ಆ ಎಸ್ಟೇಟಿನಲ್ಲಿ ರೋಬಸ್ಟಾ ಕಾಫಿಯ ಪಿಕಿಂಗ್ ಶುರುವಾಗುವುದು ಮುಂದಿನ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ. ಅಲ್ಲಿಯ ವಾಡಿಕೆಯೇನೆಂದರೆ, ಮೊದಲ ದಿನ ಹೇಗೆ ತೂಗಿದರೋ ಸೀಸನ್ ಪೂರ್ತಿ ಹಾಗೆಯೇ. ಮೊದಲ ಸಂಜೆ ತಕ್ಕಡಿಯ ಮುಂದೆ ಬಾಯಿ ಬಿಡದವರು ಮಾರ್ಚಿನಲ್ಲಿ ಬಾಯಿ ಬಿಟ್ಟರೆ "ಮೊದ್ಲೇ ಹೇಳ್ಬೇಕಿತ್ತು" ಅನ್ನುತ್ತಾರೆ. ಹೋದ ವರ್ಷ ಮಾರಿ ಒಬ್ಬಳೇ ಕೇಳಿದ್ದಳು. "ಐವತ್ತು ಜನಕ್ಕಿಲ್ಲದ ತಕರಾರು ನಿಂಗೊಬ್ಳಿಗಾ?" ಅಂತ ಪ್ರಸಾದ್ ನಕ್ಕಿದ್ದ. ಈ ಸಲ ಐವತ್ತು ಜನವೂ ಕೇಳಬೇಕು, ಒಂದೇ ಸಂಜೆ, ಒಂದೇ ಮಾತು. ಅದಕ್ಕೆ ಮುಂಚೆ ಇರುವುದು ಒಂದು ವಾರ. ಸೋಮವಾರದಿಂದ ಭಾನುವಾರ.

"ಏಳು ದಿನ. ದಿನಕ್ಕೊಂದು," ಅಂದಳು ವಿನುತಾ. "ಏಳು ಮಾತು, ಎಂಟಿಲ್ಲ."

ಅವಳು ಅವತ್ತೇ ಪೆನ್ಸಿಲ್ ಹಿಡಿದು ಕೂತಳು. ಅವಳ ಕೆಲಸದ ಕ್ರಮ ಹೀಗೆ. ಮೊದಲ ಓದಿನಲ್ಲಿ ಏನನ್ನೂ ಬರೆಯುವುದಿಲ್ಲ; ತಾನಾಗಿ ನಿಲ್ಲಬಲ್ಲ ವಾಕ್ಯದ ಕೆಳಗೆ ಗೆರೆ ಮಾತ್ರ. ಹಿಂದಿನ ವಾಕ್ಯದ ಹೆಗಲು ಹಿಡಿಯದೆ, ಮುಂದಿನದರ ಕೈ ಹಿಡಿಯದೆ ನಿಲ್ಲಬೇಕು. ಹತ್ತೊಂಬತ್ತು ಪುಟದಲ್ಲಿ ಅಂಥವು ಮೂವತ್ತೊಂದು ಸಿಕ್ಕವು. ಬ್ರಿಟಿಷರ ಕಾಲದ ತೂಕದ ಇತಿಹಾಸ ಮೂರು ಪುಟವಿತ್ತು, ಅದರಲ್ಲಿ ಒಂದೂ ಸಿಗಲಿಲ್ಲ. ಹನ್ನೊಂದನೆಯ ಪುಟಕ್ಕೆ ಬಂದಾಗ ಅವಳು ಪೆನ್ಸಿಲ್ ಕೆಳಗಿಟ್ಟು ಬೈದಳು.

ಅಲ್ಲಿ, ಒಂದು ಪ್ಯಾರಾದ ಹೊಟ್ಟೆಯೊಳಗೆ, ಕಂಸದಲ್ಲಿ ಪುಟ್ಟಸ್ವಾಮಿ ಬರೆದಿದ್ದರು: ಹಿಂದೆ ಬಳಸುತ್ತಿದ್ದ ಗೋಣಿಚೀಲ ಒಂದು ಕೆಜಿಯ ಹತ್ತಿರ ತೂಗುತ್ತಿತ್ತು, ಈಗ ಬಳಸುವ ಪ್ಲಾಸ್ಟಿಕ್ ಚೀಲ ನೂರಿಪ್ಪತ್ತು ಗ್ರಾಂ, ಆದರೂ ಕಳೆಯುವ ಲೆಕ್ಕದಲ್ಲಿ ಬದಲಾವಣೆ ಕಂಡುಬರುವುದಿಲ್ಲ.

"ಅಲ್ಲ ಸಾರ್," ಅಂತ ಫೋನ್ ಮಾಡಿದಳು. "ಈ ಮಾತನ್ನ ಹನ್ನೊಂದನೇ ಪುಟದಲ್ಲಿ, ಅದೂ ಕಂಸದೊಳಗೆ ಹಾಕಿದ್ದೀರಲ್ಲ, ನಿಮ್ಗೆ ಪ್ರಸಾದ್ ಏನಾದ್ರೂ ಸಂಬಳ ಕೊಡ್ತಾನಾ?"

"ಅದು ಪೂರಕ ಮಾಹಿತಿ ಕಣಮ್ಮ."

"ಅದೇ ತೊಳೆ. ಮಿಕ್ಕಿದ್ದೆಲ್ಲ ಸಿಪ್ಪೆ."

ಸೋಮವಾರದ ಕ್ಯಾಪ್ಶನ್ ಅಲ್ಲೇ ಹುಟ್ಟಿತು: 'ಚೀಲ ಬದಲಾಯಿತು. ಕಡಿತ ಬದಲಾಗಲಿಲ್ಲ.'

ಅದೇ ಮಾತನ್ನು ಅವಳು ಮೂರು ಅಳತೆಯಲ್ಲಿ ಬರೆದಳು. ಫೇಸ್‌ಬುಕ್‌ನಲ್ಲಿ ಓದುವವರು ಸೋಮವಾರಪೇಟೆ, ಮಡಿಕೇರಿಯ ಬೆಳೆಗಾರರು, ಅಂಗಡಿಯವರು. ಅವರಿಗೆ ಐದಾರು ಸಾಲು, ಕಮೆಂಟಿನಲ್ಲಿ ಬ್ಲಾಗಿನ ಲಿಂಕ್. ಇನ್‌ಸ್ಟಾಗ್ರಾಮ್‌ನಲ್ಲಿ ಮೊದಲೆರಡು ಸಾಲಾದ ಮೇಲೆ ಮಿಕ್ಕಿದ್ದು ಮಡಚಿಕೊಳ್ಳುತ್ತದೆ, ಒತ್ತಿದರಷ್ಟೇ ಬಿಚ್ಚುತ್ತದೆ. ಹಾಗಾಗಿ ಹೇಳಬೇಕಾದ್ದು ಮೊದಲ ಸಾಲಿನಲ್ಲೇ ಮುಗಿಯಬೇಕು. ಅಲ್ಲಿ ಕ್ಯಾಪ್ಶನ್ನಿನೊಳಗೆ ಲಿಂಕ್ ಹಾಕಿದರೆ ಒತ್ತಲಿಕ್ಕೆ ಬರುವುದಿಲ್ಲ, ಅದಕ್ಕೆ ಪೇಜಿನ ಪರಿಚಯದ ಜಾಗದಲ್ಲಿ ಇಟ್ಟಳು. ಇವೆರಡರ ಏಳು ದಿನದ್ದನ್ನೂ ಭಾನುವಾರ ಒಂದೇ ಸಲಕ್ಕೆ ಕೂತು ಬರೆದು, ಬೆಳಿಗ್ಗೆ ಆರಕ್ಕೆ ತಾನಾಗಿ ಹೋಗುವಂತೆ ವೇಳೆ ಗೊತ್ತುಮಾಡಿ ಮುಗಿಸಿದಳು. ಸಂಘದ ಹೆಸರಿನ ಪೇಜು, ಸಂಘದ ಹೆಸರಿನ ಮಾತು.

ಉಳಿದದ್ದು ವಾಟ್ಸಾಪ್ ಸ್ಟೇಟಸ್. ಮುಖ್ಯವಾದದ್ದೂ ಅದೇ, ಯಾಕೆಂದರೆ ಲೈನ್ ಮನೆಯವರು ನೋಡುವುದು ಅದನ್ನೇ. ಅದಕ್ಕೆ ಹಾಗೆ ವೇಳೆ ಗೊತ್ತುಮಾಡಿಡಲಿಕ್ಕೆ ಆಗುವುದಿಲ್ಲ, ದಿನಾ ಬೆಳಿಗ್ಗೆ ಕೈಯಿಂದಲೇ ಹಾಕಬೇಕು. ಇಪ್ಪತ್ನಾಲ್ಕು ತಾಸಿಗೆ ಅದು ಮಾಯ. ಜೊತೆಗೆ, ಇವಳ ನಂಬರ್ ಅವರ ಫೋನಿನಲ್ಲಿ, ಅವರದ್ದು ಇವಳ ಫೋನಿನಲ್ಲಿ ಇಲ್ಲದಿದ್ದರೆ ಇವಳು ಏನು ಹಾಕಿದರೂ ಅವರಿಗೆ ಕಾಣುವುದಿಲ್ಲ. ಹಾಗಾಗಿ ಲೈನಿನೊಳಗೇ ಒಬ್ಬರು ಬೇಕಿತ್ತು. ಮಾರಿ ಕಾಂತಮ್ಮನನ್ನು ತೋರಿಸಿದಳು.

ಕಾಂತಮ್ಮನಿಗೆ ಐವತ್ತು ದಾಟಿದೆ. ಅವಳ ನಂಬರ್ ಇಲ್ಲದ ಫೋನು ಆ ಲೈನಿನಲ್ಲಿಲ್ಲ. ಏಳನೆಯ ಕ್ಲಾಸಿನವರೆಗೆ ಓದಿದವಳು. ಅಲ್ಲಿಯ ಅರ್ಧ ಜನಕ್ಕೆ ಕನ್ನಡ ಅರ್ಥವಾಗುತ್ತದೆ, ಓದಲಿಕ್ಕೆ ಬರುವುದಿಲ್ಲ. ಮನೆಯಲ್ಲಿ ತಮಿಳು, ಮಲಯಾಳ, ಅರೆಭಾಷೆ, ಏನೇನೋ. ಬೆಳಿಗ್ಗೆ ಆರೂವರೆಗೆ ನಲ್ಲಿಯ ಹತ್ತಿರ ಕೊಡ ಸಾಲು ನಿಂತಿರುವಾಗ ಕಾಂತಮ್ಮ ಫೋನು ತೆಗೆದು ಗಟ್ಟಿಯಾಗಿ ಓದುತ್ತಾಳೆ. ಯಾರ ಮದುವೆ, ಯಾರ ಸಾವು, ಎಲ್ಲ ಹಾಗೇ ಗೊತ್ತಾಗುವುದು.

ಭಾನುವಾರವೇ ವಿನುತಾ ಅವಳಿಗೆ ಸೋಮವಾರದ್ದನ್ನು ಕಳಿಸಿ, ಫೋನಿನಲ್ಲೇ ಓದಿಸಿದಳು. ಆರು ಸಾಲು. ಮೂರನೆಯ ಸಾಲಿಗೆ ಕಾಂತಮ್ಮನ ಉಸಿರು ಕಟ್ಟಿತು.

"ಮೇಡಂ, ನಾನು ನಲ್ಲಿ ಹತ್ರ ಹರಿಕಥೆ ಮಾಡ್ಲಿಕ್ಕಾ? ಕೊಡ ತುಂಬೋದ್ರೊಳ್ಗೆ ಮುಗೀಬೇಕು. ಕೊಡ ತುಂಬಿದ್ರೆ ಹೆಂಗಸ್ರು ನಿಲ್ಲಲ್ಲ."

ವಿನುತಾ ಅವಳು ಉಸಿರು ತಗೊಂಡ ಜಾಗದಲ್ಲಿ ಕತ್ತರಿಸಿದಳು. ಅಲ್ಲಿಂದ ಅದೇ ನಿಯಮವಾಯಿತು. ಒಂದು ಉಸಿರಿಗೆ ಎಷ್ಟು ಬರುತ್ತದೋ ಅಷ್ಟು.

ಸೋಮವಾರ ಚೆನ್ನಾಗಿಯೇ ಹೋಯಿತು. ನಲ್ಲಿಯ ಹತ್ತಿರ ಕಾಂತಮ್ಮ ಓದಿದ್ದೇ, ಒಬ್ಬಳು ಮನೆಯೊಳಗಿಂದ ಹಳೇ ಪ್ಲಾಸ್ಟಿಕ್ ಚೀಲ ತಂದು ಕಿರುಬೆರಳಿಗೆ ನೇತುಹಾಕಿ ತೋರಿಸಿದಳಂತೆ: "ಇದು ಒಂದ್ ಕೆಜಿಯಾ?" ಮಂಗಳವಾರದ್ದು ತಕ್ಕಡಿಯ ಮೇಲಿನ ಸರಕಾರಿ ಮುದ್ರೆಯ ಬಗ್ಗೆ. 'ಮುದ್ರೆ ಹಾಕಿಸದ ತಕ್ಕಡಿಯಲ್ಲಿ ತೂಗುವಂತಿಲ್ಲ. ಕಣ್ಣಿದ್ದವರು ನೋಡಬಹುದು, ಬಾಯಿದ್ದವರು ಕೇಳಬಹುದು.' ಅದೂ ನಡೆಯಿತು. ಬ್ಲಾಗಿನ ಎಣಿಕೆ ಮುನ್ನೂರು ದಾಟಿತು. ಪುಟ್ಟಸ್ವಾಮಿ ಗಂಟೆಗೊಂದು ಸಲ ಫೋನ್ ಮಾಡಿ ಸಂಖ್ಯೆ ಹೇಳತೊಡಗಿದರು.

ಬುಧವಾರ ಎಡವಿದಳು.

ತಪ್ಪು ಅವಳ ಕಸುಬಿನಿಂದಲೇ ಬಂದದ್ದು. ಹೋಂಸ್ಟೇ ಪೇಜುಗಳಲ್ಲಿ ಅವಳದ್ದೊಂದು ಹಳೇ ಪಟ್ಟು ಇತ್ತು: ಇವತ್ತು ಪ್ರಶ್ನೆ, ನಾಳೆ ಉತ್ತರ. 'ಈ ಜಲಪಾತ ಯಾವುದು? ನಾಳೆ ಹೇಳುತ್ತೇವೆ.' ಜನ ಕಾಯುತ್ತಾರೆ, ಮತ್ತೆ ಬರುತ್ತಾರೆ, ಪ್ರತಿ ಸಲವೂ ಗೆದ್ದ ಪಟ್ಟು. ಪುಟ್ಟಸ್ವಾಮಿಯ ಲೇಖನದಲ್ಲೂ ಅಂಥದ್ದೊಂದು ಜೋಡಿ ಸಿಕ್ಕಿತ್ತು. ಮುದುಕರು ನ್ಯಾಯವಂತರು, ಎದುರಿನವರ ವಾದವನ್ನೂ ಒಂದು ಪ್ಯಾರಾ ನೆಟ್ಟಗೆ ಬರೆದು, ಮುಂದಿನ ಪ್ಯಾರಾದಲ್ಲಿ ಅದನ್ನು ಮುರಿದಿದ್ದರು. ವಿನುತಾ ಮೊದಲನೆಯದನ್ನು ಬುಧವಾರಕ್ಕೆ, ಎರಡನೆಯದನ್ನು ಗುರುವಾರಕ್ಕೆ ಹಂಚಿದ್ದಳು.

ಬುಧವಾರ ಬೆಳಿಗ್ಗೆ ಕಾಂತಮ್ಮ ನಲ್ಲಿಯ ಹತ್ತಿರ ಗಟ್ಟಿಯಾಗಿ ಓದಿದ್ದು ಇದು: 'ಹಣ್ಣಿನ ಮೇಲೆ ಮಂಜಿನ ನೀರಿರುತ್ತದೆ. ನೀರೂ ತೂಗುತ್ತದೆ. ನೀರಿಗೆ ಕೂಲಿ ಕೊಡುವುದು ಹೇಗೆ? ಉತ್ತರ ನಾಳೆ.'

ಹತ್ತು ಗಂಟೆಗೆ ಫೋನು ಬಂತು. ಕಾಂತಮ್ಮ ತೋಟದಿಂದ ಮಾಡಿದ್ದಳು, ಗಾಳಿಯ ಸದ್ದು.

"ಏನ್ ತಾಯಿ, ನೀವು ಯಾರ ಕಡೆ?"

"ಯಾಕೆ, ಏನಾಯ್ತು?"

"ನೀರೂ ತೂಗ್ತದೆ ಅಂತ ನನ್ ಬಾಯಲ್ಲೇ ಓದ್ಸಿದ್ರಲ್ಲ! ಹೆಂಗಸ್ರು ಏನಂದ್ರು ಗೊತ್ತಾ? ಹಂಗಾರೆ ಎರಡು ಕೆಜಿ ಸರಿನೇ ಅಲ್ವಾ ಅಂದ್ರು. ಇಬ್ರು ಕೊಡ ಎತ್ಕೊಂಡು ಹೊರಟೇ ಹೋದ್ರು. ಆ ರೈಟರ್ ನನ್ ಸ್ಟೇಟಸ್ಸಿಂದು ಫೋಟೋ ಹಿಡ್ಕೊಂಡು ಎಸ್ಟೇಟ್ ಗ್ರೂಪಿಗೆ ಹಾಕಿದ್ದಾನೆ."

ವಿನುತಾ ತರಿಸಿ ನೋಡಿದಳು. ಹೌದು. ಸ್ಕ್ರೀನ್‌ಶಾಟ್, 'ಉತ್ತರ ನಾಳೆ' ಅನ್ನುವ ಕೊನೆಯ ಎರಡು ಪದ ಕತ್ತರಿಸಿದ್ದು. ಕೆಳಗೆ ಪ್ರಸಾದ್ ಬರೆದಿದ್ದ: 'ಸಂಘದವರೇ ಒಪ್ಪಿದ್ದಾರೆ. ನೀರಿಗೆ ಕೂಲಿ ಇಲ್ಲ.'

ಪ್ರಸಾದ್ ಮಾಡಿದ್ದು ಕಳ್ಳತನ. ಕದಿಯುವ ಹಾಗೆ ಬಾಗಿಲು ತೆಗೆದಿಟ್ಟವಳು ಅವಳೇ. ಜಲಪಾತದ ಹೆಸರಿಗೆ ಒಂದು ದಿನ ಕಾಯುವವನು ಪ್ರವಾಸಿ. ಅವನಿಗೆ ಬೇರೆ ಕೆಲಸವಿಲ್ಲ. ನಲ್ಲಿಯ ಹತ್ತಿರ ನಿಂತವಳು ಇವತ್ತು ಕೇಳಿದ್ದನ್ನು ಇವತ್ತೇ ನಂಬಿ ಕೆಲಸಕ್ಕೆ ಹೋಗುತ್ತಾಳೆ. ನಾಳೆ ಅವಳು ನಲ್ಲಿಗೆ ಬರದಿರಬಹುದು, ಸ್ಟೇಟಸ್ ನೋಡದಿರಬಹುದು. ಹತ್ತೊಂಬತ್ತು ಪುಟದ ಲೇಖನದಲ್ಲಿ ಎದುರಾಳಿಯ ಮಾತಿನ ಬೆನ್ನಿಗೇ ಉತ್ತರ ನಿಂತಿರುತ್ತದೆ, ಓದುವವನ ಕಣ್ಣು ಜಾರಿದರೂ ಅದರ ಮೇಲೇ ಬೀಳುತ್ತದೆ. ಅದನ್ನು ಕತ್ತರಿಸಿ ಎರಡು ದಿನಕ್ಕೆ ಹಂಚಿದರೆ ಬೆನ್ನು ಬರಿದು. ತಾನಾಗಿ ನಿಲ್ಲಬೇಕು ಅನ್ನುವ ತನ್ನದೇ ನಿಯಮವನ್ನು ತಾನೇ ಮುರಿದಿದ್ದಳು.

ಪುಟ್ಟಸ್ವಾಮಿ ಅಷ್ಟರಲ್ಲಿ ಮೆಟ್ಟಿಲು ಹತ್ತಿ ಬಂದಾಗಿತ್ತು. "ಅಳಿಸಿಬಿಡಮ್ಮ, ಎಲ್ಲ ಕಡೆ ಅಳಿಸು!"

"ಅಳಿಸಿದ್ರೆ ಓಡಿಹೋದ್ರು ಅಂತಾರೆ. ಅವನ ಹತ್ರ ಫೋಟೋ ಇದೆ, ನಮ್ಮ ಹತ್ರ ಏನಿರ್ತದೆ?"

"ಮತ್ತೆ ಏನ್ ಮಾಡ್ತೀಯ?"

"ತಿದ್ದೋದು."

ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಎರಡರಲ್ಲೂ ಹಾಕಿದ ಮೇಲೆ ಮಾತನ್ನು ತಿದ್ದಬಹುದು. ತಿದ್ದಿದ್ದು ಜನಕ್ಕೆ ಗೊತ್ತಾದರೆ ಗೊತ್ತಾಗಲಿ. ಸ್ಟೇಟಸ್ ಮಾತ್ರ ಹಾಕಿದ್ದು ಹಾಕಿದ್ದೇ. ಅಲ್ಲಿ ನಾಳೆಯ ಬೆಳಗೇ ಗತಿ. ಗುರುವಾರಕ್ಕೆ ಕಟ್ಟಿಟ್ಟದ್ದನ್ನು ತೆರೆದು ನೋಡಿದಳು. ಪುಟ್ಟಸ್ವಾಮಿಯ ಪ್ಯಾರಾದಿಂದ ಇಳಿಸಿದ ನಾಲ್ಕು ಸಾಲು: ವಾತಾವರಣದ ಆರ್ದ್ರತೆ, ಆವಿಯಾಗುವಿಕೆ, ಮಧ್ಯಾಹ್ನದ ಉಷ್ಣಾಂಶ. ಸರಿಯಾದದ್ದೇ. ಆದರೆ ಕಾಂತಮ್ಮನ ಉಸಿರಿಗೆ ನಿಲುಕದ್ದು.

ಅವಳು ಕಾಂತಮ್ಮನ ಫೋನನ್ನು ಮಾರಿಯ ಕೈಗೆ ಕೊಡಿಸಿ ಕೇಳಿದಳು, "ಮಾರಿಯಕ್ಕ, ನೀರಿನ ಲೆಕ್ಕ ಹೇಳಿದಾಗ ನೀವು ಹೋದ ವರ್ಷ ಏನಂದ್ರಿ?"

ಮಾರಿ ಹೇಳಿದ್ದನ್ನು ವಿನುತಾ ಒಂದಕ್ಷರ ತಿದ್ದದೆ ಬರೆದುಕೊಂಡಳು, ಫೇಸ್‌ಬುಕ್, ಇನ್‌ಸ್ಟಾಗ್ರಾಮಿನ ಬುಧವಾರದ ಮಾತಿಗೆ ಆಗಲೇ ಜೋಡಿಸಿದಳು. ಗುರುವಾರದ ನಲ್ಲಿಯ ಹತ್ತಿರ ಕಾಂತಮ್ಮ ಓದಿದಳು: 'ನಿನ್ನೆ ಅರ್ಧ ಮಾತು ಹಾಕಿದ್ದು ನಮ್ಮ ತಪ್ಪು. ಪೂರ್ತಿ ಮಾತು ಮಾರಿಯದ್ದು: ಮಂಜು ಹತ್ತು ಗಂಟೆಗೆ ಆರ್ತದೆ, ನೀವು ತೂಗೋದು ನಾಲ್ಕಕ್ಕೆ. ನಾಲ್ಕಕ್ಕೆ ಇರೋ ನೀರು ನನ್ನ ಬೆವರು, ಅದನ್ನೂ ಮುರ್ಕೋತೀರಾ ಸಾರ್?'

ಕೊಡ ತುಂಬಿ ಹರಿದರೂ ಯಾರೂ ನಲ್ಲಿ ನಿಲ್ಲಿಸಲಿಲ್ಲ, ನಗುತ್ತಿದ್ದರು ಅಂತ ಕಾಂತಮ್ಮ ಆಮೇಲೆ ಹೇಳಿದಳು. ಇನ್ನೊಂದು ಸಲ ಓದು ಅಂದರಂತೆ. ಹಿಂದಿನ ದಿನ ಹೊರಟು ಹೋಗಿದ್ದ ಇಬ್ಬರಲ್ಲಿ ಒಬ್ಬಳು ಅದನ್ನು ತಮಿಳಿಗೆ ತಿರುಗಿಸಿ ತನ್ನ ಅತ್ತೆಗೆ ಹೇಳಿದಳಂತೆ. ಪುಟ್ಟಸ್ವಾಮಿ ಮಾತ್ರ ಒಂದು ಗಳಿಗೆ ಮುಖ ಸಣ್ಣ ಮಾಡಿಕೊಂಡರು. "ನಾನು ನೂರೆಂಬತ್ತು ಪದದಲ್ಲಿ ಹೇಳಿದ್ದು ಅದನ್ನೇ ಅಲ್ವೇನಮ್ಮ?"

"ಅದನ್ನೇ ಸಾರ್. ನೀವು ಹೇಳಿದ್ದಕ್ಕೇ ನಾನು ಹೋಗಿ ಕೇಳಿದ್ದು."

ಆ ಉತ್ತರ ಅವರಿಗೆ ಹಿಡಿಸಿತು. ಸುಳ್ಳೂ ಆಗಿರಲಿಲ್ಲ.

ಶುಕ್ರವಾರ ಮಾರಿಯ ಗೋಡೆಯ ಫೋಟೋ. ಎಂಬತ್ತಾರು ಇದ್ದಿಲಿನ ಗೆರೆ. 'ಚೀಲ ನೂರಿಪ್ಪತ್ತು ಗ್ರಾಂ. ಮುರಿದದ್ದು ಎರಡು ಕೆಜಿ. ಗೆರೆಗೊಂದು ಚೀಲ. ನೀವೇ ಗುಣಿಸಿ.' ಜನ ಗುಣಿಸಿದರು. ನೂರ ಅರವತ್ತೊಂದು ಕೆಜಿಗೂ ಮೇಲೆ ಅಂತ ಕಮೆಂಟಿನಲ್ಲಿ ಅವರೇ ಬರೆದರು, ಗುಣಾಕಾರ ತಪ್ಪು ಮಾಡಿದವರನ್ನು ಅವರೇ ಬೈದರು.

ಮಧ್ಯಾಹ್ನ ಅದರ ಕೆಳಗೆ ಪ್ರಸಾದ್‌ನ ಕಮೆಂಟ್ ಬಂತು. ಅವನು ಪೆದ್ದನಲ್ಲ. 'ಸಂಘದ ಪೇಜಿಗೆ ಬರೆದುಕೊಡುವ ಮೇಡಂ ಯಾರು ಅಂತ ಊರಿಗೆಲ್ಲ ಗೊತ್ತು. ಅವರ ತಂದೆ ಜಯಪ್ಪನವರ ತೋಟದಲ್ಲಿ ಚೀಲಕ್ಕೆ ಎಷ್ಟು ಕಳೆಯುತ್ತಾರೆ ಅಂತಲೂ ಒಂದು ಕ್ಯಾಪ್ಶನ್ ಹಾಕಲಿ.'

ವಿನುತಾಗೆ ಉತ್ತರ ಗೊತ್ತಿತ್ತು. ಎರಡು ಕೆಜಿ. ಚಿಕ್ಕಂದಿನಿಂದ ಅವಳೇ ಎಷ್ಟೋ ಸಲ ಅಪ್ಪನ ಪಕ್ಕ ಕೂತು ಪುಸ್ತಕಕ್ಕೆ ಬರೆದಿದ್ದಾಳೆ, ಕೂಗಿದ ತೂಕದಲ್ಲಿ ಎರಡು ಕಳೆದು. ಯಾಕೆ ಅಂತ ಒಂದು ದಿನವೂ ಕೇಳಿರಲಿಲ್ಲ. ಆ ಕಮೆಂಟನ್ನು ಅಳಿಸಬಹುದಿತ್ತು, ಪೇಜಿನ ಕೀಲಿ ಅವಳ ಕೈಯಲ್ಲೇ ಇತ್ತು. ಅಳಿಸಲಿಲ್ಲ. ಶನಿವಾರಕ್ಕೆ ಕಟ್ಟಿಟ್ಟಿದ್ದ ಕ್ಯಾಪ್ಶನ್ನನ್ನು ತೆಗೆದುಹಾಕಿ ಜಾಗ ಖಾಲಿ ಮಾಡಿದಳು. ಐದೂವರೆಗೆ ಮನೆಗೆ ಹೋದಳು.

ಜಯಪ್ಪ ಕಣದ ಮೂಲೆಯಲ್ಲಿ ಕೊಕ್ಕೆ ಹರಿತ ಮಾಡುತ್ತ ಕೂತಿದ್ದ. ಸುದ್ದಿ ಅವನಿಗೆ ಅವಳಿಗಿಂತ ಮೊದಲೇ ತಲುಪಿತ್ತು.

"ಬಂದ್ಯಾ? ಅಪ್ಪನ ಮಾನ ಎಷ್ಟ್ ಕೆಜಿಗೆ ಹೋಯ್ತು ಇವತ್ತು?"

"ಇನ್ನೂ ತೂಗಿಲ್ಲ. ನಾಳೆ ಬೆಳಿಗ್ಗೆ ಆರಕ್ಕೆ ತೂಗ್ತೀನಿ."

"ಎಲ್ರೂ ಮಾಡೋದೇ ನಾನೂ ಮಾಡೋದು. ಪದ್ಧತಿ ಅದು."

"ಅಪ್ಪ, ಹೋದ ವರ್ಷ ಸೋಮವಾರಪೇಟೆಲಿ ಕಾಫಿ ಕೊಳ್ಳೋನು ನಿಮ್ಮ ಚೀಲಕ್ಕೆ ಒಂದು ಕೆಜಿ ಮುರ್ಕೊಂಡಾಗ ನೀವೇನಂದ್ರಿ?"

ಜಯಪ್ಪ ಕಲ್ಲಿನ ಮೇಲೆ ಕೊಕ್ಕೆ ಉಜ್ಜುವುದನ್ನು ನಿಲ್ಲಿಸಿದ.

"ನಾನು ಜೀಪಲ್ಲೇ ಕೂತಿದ್ದೆ, ಕೇಳಿಸ್ತು," ಅಂದಳು ಮಗಳು. "ಖಾಲಿ ಚೀಲ ತೂಗೋ ಬೇವರ್ಸಿ ಅಂದ್ರಿ. ಅಂಗಡಿ ಮುಂದೆ ಜನ ಸೇರಿತ್ತು. ಅವನು ತೂಗಿದ. ಆಮೇಲೆ ಒಂದು ಕೆಜಿ ವಾಪಸ್ ಕೊಟ್ಟ."

"ಅದು ಬೇರೆ."

"ಹೆಂಗೆ ಬೇರೆ?"

ಜಯಪ್ಪ ಎದ್ದ, ಶೆಡ್ಡಿಗೆ ಹೋದ, ಎಲೆಕ್ಟ್ರಾನಿಕ್ ತಕ್ಕಡಿಯನ್ನು ಎಳೆದು ತಂದು ಕಣದಲ್ಲಿಟ್ಟ. ಗೂಟಕ್ಕೆ ಸಿಕ್ಕಿಸಿದ್ದ ಪ್ಲಾಸ್ಟಿಕ್ ಚೀಲವೊಂದನ್ನು ಕೊಡವಿ, ಮಡಚಿ ಅದರ ಮೇಲೆ ಹಾಕಿದ. ಸೊನ್ನೆ ಬಿಂದು ಹನ್ನೆರಡು. ಅವನಿಗೆ ನಂಬಿಕೆ ಬರಲಿಲ್ಲ. ಆ ಚೀಲವನ್ನು ತೊಟ್ಟಿಯ ನೀರಿಗೆ ಅದ್ದಿ, ಸುರಿಯುತ್ತಿದ್ದಂತೆಯೇ ಎತ್ತಿ, ಎರಡು ಸಲ ಕೊಡವಿ ಮತ್ತೆ ಹಾಕಿದ. ಸೊನ್ನೆ ಬಿಂದು ಹತ್ತೊಂಬತ್ತು.

"ಥತ್!" ಅಂದ ಜಯಪ್ಪ. "ಇಷ್ಟೇನಾ?"

"ಫೋಟೋ ತೆಗೀಲಾ?"

"ತೆಗಿ. ನನ್ನ ಮುಖನೂ ಬರ್ಲಿ. ಆ ಪ್ರಸಾದ್‌ಗೆ ಜಯಪ್ಪ ಯಾರೂಂತ ಕಾಣ್ಬೇಕು."

ಶನಿವಾರದ ಕ್ಯಾಪ್ಶನ್ ಲೇಖನದಲ್ಲಿ ಎಲ್ಲೂ ಇರಲಿಲ್ಲ: 'ನಮ್ಮ ಮನೆಯಲ್ಲೂ ಎರಡು ಕೆಜಿ ಮುರಿಯುತ್ತಿದ್ದೆವು. ನಿನ್ನೆ ಖಾಲಿ ಚೀಲ ತೂಗಿದೆವು. ಒಣಗಿದ್ದು ನೂರಿಪ್ಪತ್ತು ಗ್ರಾಂ, ನೆನೆದದ್ದು ನೂರ ತೊಂಬತ್ತು. ಈ ಸಲ ಜಯಪ್ಪನ ತೋಟದಲ್ಲಿ ಮುರಿಯುವುದು ಚೀಲದ ತೂಕ ಮಾತ್ರ.' ಫೋಟೋದಲ್ಲಿ ಜಯಪ್ಪ ಎದೆ ಉಬ್ಬಿಸಿ ನಿಂತಿದ್ದ, ಕೈಯಲ್ಲಿ ನೀರು ಸೋರುವ ಚೀಲ. ವಾರದ ಏಳರಲ್ಲಿ ಹೆಚ್ಚು ದೂರ ಹೋದದ್ದು ಅದೇ. ಹುದಿಕೇರಿಯಿಂದ ಒಬ್ಬರು ತಮ್ಮ ತಕ್ಕಡಿಯ ಫೋಟೋ ಕಳಿಸಿದರು. ಪ್ರಸಾದ್ ತನ್ನ ಕಮೆಂಟನ್ನು ತಾನೇ ಅಳಿಸಿದ.

ಭಾನುವಾರಕ್ಕೆ ಅಂತ ಪುಟ್ಟಸ್ವಾಮಿ ಶನಿವಾರ ಸಂಜೆಯೇ ಒಂದು ಸಮಾರೋಪ ಬರೆದು ತಂದಿದ್ದರು. ಎರಡೂವರೆ ಪುಟ.

ವಿನುತಾ ಅದನ್ನು ಗೌರವದಿಂದಲೇ ಪಕ್ಕಕ್ಕಿಟ್ಟು ಕಾಂತಮ್ಮನಿಗೆ ಫೋನ್ ಮಾಡಿದಳು. "ಸೋಮವಾರ ಸಂಜೆ ತಕ್ಕಡಿ ಹತ್ರ ನಿಂತು ನೀವೆಲ್ಲ ಏನು ಕೇಳ್ತೀರಿ? ಅದೇ ನಾಳೆ ಬೆಳಗಿನ ಕ್ಯಾಪ್ಶನ್."

"ಏನ್ ಕೇಳೋದು? ಮೊದಲು ಖಾಲಿ ಚೀಲ ಅನ್ನೋದು."

"ಅಷ್ಟೇ?"

"ಮತ್ತೇನ್ ಬೇಕು?"

ಮೂರು ಪದ. 'ಮೊದಲು ಖಾಲಿ ಚೀಲ.' ಮೊದಲೇ ಕಟ್ಟಿಟ್ಟಿದ್ದನ್ನು ತೆಗೆದುಹಾಕಿ ಮೂರು ಕಡೆಯೂ ಅದನ್ನೇ ಇಟ್ಟಳು, ಒಂದೇ ಅಳತೆ. ಪುಟ್ಟಸ್ವಾಮಿ ಪೆನ್ನು ತೆಗೆದು, ತಮ್ಮ ಲೇಖನದ ಮೊದಲ ಪುಟದಲ್ಲಿ 'ಒಂದು ಸಮಗ್ರ ಅವಲೋಕನ' ಅನ್ನುವುದನ್ನು ಹೊಡೆದುಹಾಕಿ, ಮೇಲೆ ಆ ಮೂರು ಪದ ಬರೆದರು.

ಸೋಮವಾರ ನಾಲ್ಕಕ್ಕೆ ವಿನುತಾ ಎಸ್ಟೇಟಿನ ಗೇಟಿನ ಹೊರಗೆ ರಸ್ತೆಯಲ್ಲಿ ನಿಂತಿದ್ದಳು. ಒಳಗೆ ಹೋಗಲಿಲ್ಲ, ಅದು ಅವಳ ತಕ್ಕಡಿಯಲ್ಲ. ಬೇಲಿಯಾಚೆ ಎಲ್ಲ ಕಾಣುತ್ತಿತ್ತು. ಟಾರ್ಪಾಲಿನ ಮೇಲೆ ಕಸ, ಕಾಯಿ ಆರಿಸಿ ತೆಗೆದು ಹಣ್ಣು ತುಂಬಿಸಿದ ಚೀಲಗಳು ಸಾಲಾಗಿ ನಿಂತಿದ್ದವು. ಪ್ರಸಾದ್ ಪುಸ್ತಕ ಬಿಚ್ಚಿ ಮೊದಲ ಹೆಸರು ಕೂಗಿದ. ಕಾಂತಮ್ಮನ ಹೆಸರು.

ಕಾಂತಮ್ಮ ತುಂಬಿದ ಚೀಲ ಮುಟ್ಟಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಖಾಲಿ ಚೀಲ ತೆಗೆದು ತಕ್ಕಡಿಯ ಮೇಲೆ ಹಾಕಿದಳು.

"ಮೊದಲು ಖಾಲಿ ಚೀಲ."

"ಏಯ್, ಏನಿದು ಹೊಸ ನಾಟಕ? ಐವತ್ತು ಜನಕ್ಕೆ..." ಅಂತ ಪ್ರಸಾದ್ ತಲೆ ಎತ್ತಿದ. ಸಾಲಿನಲ್ಲಿದ್ದವರೆಲ್ಲ ಒಂದೊಂದು ಖಾಲಿ ಚೀಲ ಕೈಯಲ್ಲಿ ಹಿಡಿದು ನಿಂತಿದ್ದರು. ಬುಧವಾರ ಕೊಡ ಎತ್ತಿಕೊಂಡು ಹೋದ ಆ ಇಬ್ಬರೂ. ಅವರಲ್ಲೊಬ್ಬಳ ಅತ್ತೆಯೂ.

ಪ್ರಸಾದ್ ಪೆನ್ನಿನ ಹಿಂಬದಿಯಿಂದ ಕಿವಿ ಕೆರೆದುಕೊಂಡ. ಫೋನು ತೆಗೆದು ಮಾಲೀಕರ ಹತ್ತಿರ ಮಾತಾಡಿದ, ಎರಡು ನಿಮಿಷ, ಮೂರು ನಿಮಿಷ. ಇಟ್ಟ. ತಕ್ಕಡಿ ನೋಡಿದ. ಆಮೇಲೆ ಪುಸ್ತಕಕ್ಕೆ ಬರೆಯುವುದಕ್ಕೆ ಮುಂಚೆ, ಗಂಟಲು ಸರಿಮಾಡಿಕೊಂಡು, ಖಾಲಿ ಚೀಲದ ತೂಕ ಕೂಗಿದ:

"ಸೊನ್ನೆ ಬಿಂದು ಹನ್ನೆರಡು."

ಈ ಸೀಸನ್ನಿಗೆ ಆ ಎಸ್ಟೇಟಿನಲ್ಲಿ ಅದೇ ಲೆಕ್ಕ. ಮೊದಲ ದಿನದ ತೂಕವೇ ಸೀಸನ್ನಿನ ತೂಕ, ವಾಡಿಕೆ ಅವರದ್ದೇ.

ಹೋದ ಸೀಸನ್ನಿನದ್ದು ಮುಗಿದ ಕತೆ ಅಂದಿದ್ದಾರೆ ಮಾಲೀಕರು. ಮುಗಿದಿಲ್ಲ. ಗೋಡೆಯ ಮೇಲೆ ಎಂಬತ್ತಾರು ಗೆರೆ ಹಾಗೇ ಇದೆ, ಮಾರಿ ಸುಣ್ಣ ಬಳಿಯಲಿಕ್ಕೆ ಬಿಟ್ಟಿಲ್ಲ. ವಿನುತಾ ಅದಕ್ಕೆ ಇನ್ನೊಂದು ಏಳು ದಿನ ಎತ್ತಿಟ್ಟಿದ್ದಾಳೆ. ಪುಟ್ಟಸ್ವಾಮಿ ಬರೆಯುತ್ತಿದ್ದಾರೆ, ಈ ಸಲ ಕಂಸವಿಲ್ಲದೆ.

ಇಷ್ಟು ಓದಿದ ನಿಮಗೆ ತೋಟವಿದ್ದರೆ, ಅಥವಾ ಕೆಜಿ ಲೆಕ್ಕಕ್ಕೆ ಕೂಲಿ ಕೊಡುವ ಯಾವ ವ್ಯಾಪಾರವಿದ್ದರೂ, ಎದ್ದು ಹೋಗಿ ಒಂದು ಖಾಲಿ ಚೀಲ ತೂಗಿ. ನೀವು ಮುರಿಯುತ್ತಿರುವುದು ಅದಕ್ಕಿಂತ ಹೆಚ್ಚಾಗಿದ್ದರೆ, ಹೆಚ್ಚಿನದ್ದನ್ನು ಇವತ್ತೇ, ಅದರ ಒಡತಿಯ ಕೈಗೆ, ವಾಪಸ್ ಕೊಡಿ.